ಮಾತಿಗಿಂತ ಮುಂದೆ ಓಡುವ ಸಬ್‌ಟೈಟಲ್

ಬೇರೆ ಭಾಷೆಯ ಸಿನಿಮಾಕ್ಕೆ ಸಬ್‌ಟೈಟಲ್ ಫೈಲನ್ನು ಪ್ರತ್ಯೇಕವಾಗಿ ಜೋಡಿಸಿಕೊಂಡು ನೋಡುವವರಿಗೆ ಈ ಕಾಟ ಹೊಸದಲ್ಲ. ಪಾತ್ರ ಬಾಯಿ ತೆರೆಯುವ ಮೊದಲೇ ಅದರ ಮಾತು ಪರದೆಯ ಕೆಳಗೆ ಬಂದುಬಿಡುತ್ತದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ H ಕೀಲಿಯನ್ನು ಒತ್ತುತ್ತಾ ಹೋಗಿ ಸಬ್‌ಟೈಟಲನ್ನು ತಡವಾಗಿಸಿದರೆ ಮಾತಿಗೂ ಅಕ್ಷರಕ್ಕೂ ತಾಳ ಕೂಡುತ್ತದೆ. ಆದರೆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಅಕ್ಷರವೇ ಮುಂದೆ. ಇನ್ನೊಮ್ಮೆ ಸರಿಪಡಿಸಿದರೆ ಇನ್ನೊಮ್ಮೆ ತಪ್ಪುತ್ತದೆ. ಓಟ ಹೆಚ್ಚಾದ ಗಡಿಯಾರದ ಮುಳ್ಳನ್ನು ದಿನಾ ಹಿಂದಕ್ಕೆ ತಿರುಗಿಸಿದಂತೆ ಇದು: ಕೆಟ್ಟಿರುವುದು ಮುಳ್ಳಿನ ಜಾಗವಲ್ಲ, ಅದರ ವೇಗ.

ಈ ವೇಗದ ವ್ಯತ್ಯಾಸ ಬಂದದ್ದು ಟಿ.ವಿ.ಯ ಇತಿಹಾಸದಿಂದ. ಸಿನಿಮಾವನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಂತೆ, ಅಂದರೆ 24 ಫ್ರೇಮ್‌ಗಳಂತೆ ಚಿತ್ರೀಕರಿಸುತ್ತಾರೆ. ಯುರೋಪಿನ ಬಹುಭಾಗ ಮತ್ತು ಭಾರತ ಒಪ್ಪಿಕೊಂಡ ಪಾಲ್ ಪದ್ಧತಿಯ ಟಿ.ವಿ. ಓಡುತ್ತಿದ್ದದ್ದು 25 ಫ್ರೇಮ್‌ಗಳಲ್ಲಿ. ಒಂದು ಫ್ರೇಮಿನ ವ್ಯತ್ಯಾಸಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳದೆ, ಇಡೀ ಸಿನಿಮಾವನ್ನೇ ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡಿಸುವುದು ಅಲ್ಲಿ ರೂಢಿಯಾಯಿತು. ಅಮೆರಿಕದ ಪದ್ಧತಿಯಲ್ಲಿ ಬಣ್ಣದ ಟಿ.ವಿ. ಬಂದಾಗ 30 ಫ್ರೇಮ್‌ಗಳ ವೇಗ ಸಾವಿರಕ್ಕೆ ಒಂದರಷ್ಟು ತಗ್ಗಿತು. ಅದಕ್ಕೆ ಹೊಂದಿಕೊಳ್ಳಲು ಸಿನಿಮಾದ 24 ಕೂಡ 23.976 ಆಯಿತು. ಇಂದಿನ ಬ್ಲೂ-ರೇ ಪ್ರತಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ ಸಂಖ್ಯೆ.

ಹೀಗಾಗಿ ಒಂದು ದೃಶ್ಯವನ್ನೂ ಕತ್ತರಿಸದೆ ಒಂದೇ ಸಿನಿಮಾಕ್ಕೆ ಎರಡು ಉದ್ದ. ಕುರೊಸಾವಾ ಅವರ ‘ಸೆವೆನ್ ಸಮುರಾಯ್’ನ ಪೂರ್ಣ ಆವೃತ್ತಿ 207 ನಿಮಿಷದ್ದು. ಅದನ್ನು 23.976ರ ಬದಲು 25 ಫ್ರೇಮ್‌ಗಳಲ್ಲಿ ಓಡಿಸಿದರೆ ಸುಮಾರು ಎಂಟೂವರೆ ನಿಮಿಷ ಮೊದಲೇ ಮುಗಿಯುತ್ತದೆ. ಪಾಲ್ ಡಿವಿಡಿಯನ್ನು ನೋಡಿಕೊಂಡು ಯಾರೋ ಬರೆದ ಸಬ್‌ಟೈಟಲ್ ಫೈಲು ಆ ಚುರುಕು ಓಟದ ಸಮಯವನ್ನೇ ಹಿಡಿದಿರುತ್ತದೆ. ಅದನ್ನು 23.976ರ ಪ್ರತಿಗೆ ಜೋಡಿಸಿದರೆ ನಿಮಿಷಕ್ಕೆ ಎರಡೂವರೆ ಸೆಕೆಂಡು, ಗಂಟೆಗೆ ಎರಡೂವರೆ ನಿಮಿಷ ಮುಂದೋಡುತ್ತದೆ. 23.976ಕ್ಕೆ ಬರೆದದ್ದನ್ನು ಪಾಲ್ ಪ್ರತಿಗೆ ಹಾಕಿದರೆ ಇದರ ತಿರುಗುಮುರುಗು: ಮಾತು ಮುಗಿದ ಮೇಲೆ ಅಕ್ಷರ ಬರುತ್ತದೆ.

ಈ ಫೈಲಿನೊಳಗೆ ಏನಿದೆ ಎಂದು ನೋಡಲು ನೋಟ್‌ಪ್ಯಾಡ್ ಸಾಕು. ಹೆಚ್ಚು ಬಳಕೆಯಲ್ಲಿರುವ .srt ಫೈಲಿನ ಒಂದು ತುಣುಕು ಹೀಗಿರುತ್ತದೆ:

```
1
00:01:40,000 --> 00:01:42,500
ಯಾರಲ್ಲಿ? ಬಾಗಿಲು ತೆಗೆಯಿರಿ.
```

ಸಾಲಿನ ಕ್ರಮಸಂಖ್ಯೆ, ಅದು ಕಾಣಿಸಿಕೊಳ್ಳುವ ಮತ್ತು ಮರೆಯಾಗುವ ಹೊತ್ತು, ಆಮೇಲೆ ಮಾತು, ಇಷ್ಟೇ. ಯಾವ ವೇಗದ ಪ್ರತಿಗೆ ಬರೆದದ್ದು ಎಂಬ ಸುಳಿವು ಎಲ್ಲೂ ಇಲ್ಲ. ವಿಡಿಯೋದ ಫ್ರೇಮ್ ದರವನ್ನು ವಿಎಲ್‌ಸಿಯ Codec Information ಎಂಬಲ್ಲಿ ನೋಡಬಹುದು. ಸಬ್‌ಟೈಟಲಿನದ್ದನ್ನು ಮಾತ್ರ ನಾವೇ ಲೆಕ್ಕ ಹಾಕಿ ಪತ್ತೆಮಾಡಬೇಕು. ಅದಕ್ಕೆ ಬೇಕಾದದ್ದು ಎರಡೇ ಸಾಲು: ಒಂದು ಸಿನಿಮಾದ ಆರಂಭದ್ದು, ಇನ್ನೊಂದು ಕೊನೆಯ ಕಡೆಯದ್ದು. ಹೆಸರು ಹಿಡಿದು ಕೂಗುವಂಥ, ಭಾಷೆ ಬಾರದಿದ್ದರೂ ಕಿವಿಗೆ ಗುರುತು ಸಿಗುವ ಮಾತನ್ನು ಆರಿಸಿಕೊಂಡರೆ ಸುಲಭ.

ಒಂದು ಉದಾಹರಣೆಯನ್ನೇ ಪೂರ್ತಿ ಬಿಡಿಸೋಣ. ಮೇಲಿನ ಸಾಲು ಫೈಲಿನಲ್ಲಿ 1 ನಿಮಿಷ 40 ಸೆಕೆಂಡಿಗೆ, ಅಂದರೆ 100ನೇ ಸೆಕೆಂಡಿಗೆ ಇದೆ. ಸಿನಿಮಾದಲ್ಲಿ ಆ ಮಾತು ಕೇಳುವುದು 109.3ನೇ ಸೆಕೆಂಡಿಗೆ. ಕೊನೆಯ ಕಡೆಯ ಒಂದು ಸಾಲು ಫೈಲಿನಲ್ಲಿ 1 ಗಂಟೆ 40 ನಿಮಿಷಕ್ಕೆ, ಅಂದರೆ 6000ನೇ ಸೆಕೆಂಡಿಗೆ ಇದ್ದರೆ, ಕೇಳುವುದು 1 ಗಂಟೆ 44 ನಿಮಿಷ 21.2 ಸೆಕೆಂಡಿಗೆ, 6261.2ನೇ ಸೆಕೆಂಡಿಗೆ. ಎರಡು ಮಾತುಗಳ ನಡುವೆ ಸಿನಿಮಾದಲ್ಲಿ ಕಳೆದ ಹೊತ್ತನ್ನು ಫೈಲಿನಲ್ಲಿ ಕಳೆದ ಹೊತ್ತಿನಿಂದ ಭಾಗಿಸಬೇಕು:

```
(6261.2 - 109.3) / (6000 - 100) = 1.0427
```

ಬರುವ ಉತ್ತರ ಯಾವುದೋ ಒಂದು ಸಂಖ್ಯೆಯಾಗಿರುವುದಿಲ್ಲ, ಗೊತ್ತಿರುವ ಕೆಲವೇ ಸಂಖ್ಯೆಗಳಲ್ಲಿ ಒಂದಾಗಿರುತ್ತದೆ. 25ನ್ನು 23.976ರಿಂದ ಭಾಗಿಸಿದರೆ 1.0427. 25ನ್ನು 24ರಿಂದ ಭಾಗಿಸಿದರೆ 1.0417. 24ನ್ನು 23.976ರಿಂದ ಭಾಗಿಸಿದರೆ 1.001. ದಿಕ್ಕು ತಿರುಗಿದರೆ ಇವುಗಳ ವಿಲೋಮ. ಉದಾಹರಣೆಗೆ ಮೊದಲನೆಯದ್ದು 0.959 ಆಗುತ್ತದೆ. ಆದ್ದರಿಂದ ಗಡಿಯಾರ ಹಿಡಿದು ಕೂದಲೆಳೆ ಅಳೆಯುವ ಅಗತ್ಯವಿಲ್ಲ. ತೀರ ಹತ್ತಿರವಿರುವ 1.0427ಕ್ಕೂ 1.0417ಕ್ಕೂ ನೂರು ನಿಮಿಷದ ಕೊನೆಯಲ್ಲಿ ಆರು ಸೆಕೆಂಡಿನ ಅಂತರ ಬೀಳುತ್ತದೆ. ಅರ್ಧ ಸೆಕೆಂಡು ಆಚೀಚೆ ಅಳೆದರೂ ಯಾವುದು ಎಂದು ತಿಳಿದುಬಿಡುತ್ತದೆ.

ಇನ್ನು ದುರಸ್ತಿ. ‘ಸಬ್‌ಟೈಟಲ್ ಎಡಿಟ್’ ಎಂಬ ಉಚಿತ ತಂತ್ರಾಂಶದಲ್ಲಿ ಫೈಲನ್ನು ತೆರೆದು, Synchronization ಪಟ್ಟಿಯ Change frame rate ಆರಿಸಿ, 25ರಿಂದ 23.976ಕ್ಕೆ ಎಂದು ಕೊಟ್ಟರೆ ಪ್ರತಿಯೊಂದು ಸಾಲಿನ ಸಮಯವೂ 1.0427ರಿಂದ ಗುಣಿಸಲ್ಪಡುತ್ತದೆ. ನಮ್ಮ ಮೊದಲ ಸಾಲು ಈಗ 100ರಿಂದ 104.3ಕ್ಕೆ ಬಂತು. ಆದರೆ ಮಾತು ಇರುವುದು 109.3ಕ್ಕೆ. ಉಳಿದ ಐದು ಸೆಕೆಂಡು ವೇಗದ ಲೆಕ್ಕಕ್ಕೆ ಸೇರಿದ್ದಲ್ಲ. ಈ ಪ್ರತಿಯ ಮೊದಲಲ್ಲಿ ವಿತರಕರ ಲಾಂಛನವೋ ಏನೋ ಹೆಚ್ಚಿಗೆ ಸೇರಿದ್ದರೆ ಹೀಗಾಗುತ್ತದೆ. ಅದನ್ನು Adjust all times ಎಂಬಲ್ಲಿ ಎಲ್ಲ ಸಾಲುಗಳಿಗೂ ಒಂದೇ ಸಲ ಕೂಡಿಸಬೇಕು.

ಗುಣಾಕಾರ ಮೊದಲು, ಕೂಡುವುದು ಆಮೇಲೆ ಎಂಬ ಈ ಕ್ರಮ ಮುಖ್ಯ. ಕಣ್ಣಿಗೆ ಕಂಡ 9.3 ಸೆಕೆಂಡನ್ನೇ ಮೊದಲು ಕೂಡಿಸಿ ಆಮೇಲೆ ಗುಣಿಸಿದರೆ ಮೊದಲ ಸಾಲು 114ನೇ ಸೆಕೆಂಡಿಗೆ ಹೋಗಿ ಕೂರುತ್ತದೆ. ಆಗ ಇಡೀ ಸಿನಿಮಾದಲ್ಲಿ ಅಕ್ಷರ ಐದು ಸೆಕೆಂಡಿನಷ್ಟು ತಡ. ಈ ಲೆಕ್ಕವೇ ಬೇಡ ಎನ್ನುವವರಿಗೆ ಅದೇ ಪಟ್ಟಿಯಲ್ಲಿ Point sync ಇದೆ. ಎರಡು ಸಾಲುಗಳ ಸರಿಯಾದ ಸಮಯವನ್ನು ಕೊಟ್ಟರೆ ಗುಣಾಕಾರ, ಸಂಕಲನ ಎರಡನ್ನೂ ಅದೇ ಮಾಡುತ್ತದೆ. ಆಗ ಮಾತ್ರ ಸಮಯವನ್ನು ಎಚ್ಚರಿಕೆಯಿಂದ ಅಳೆಯಬೇಕು, ಯಾಕೆಂದರೆ ನಮ್ಮ ಅಳತೆಯ ತಪ್ಪೂ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ.

ಎಡವುವ ಜಾಗವೊಂದಿದೆ. ಅಮೆರಿಕದ ಡಿವಿಡಿಯಿಂದ ಬಂದ ಸಬ್‌ಟೈಟಲಾದರೆ, ಅಲ್ಲಿ 29.97 ಫ್ರೇಮ್ ಎಂದು ಓದಿ, 29.97ರಿಂದ 23.976ಕ್ಕೆ ಬದಲಿಸಹೊರಡುವುದು. ಅಲ್ಲಿ ಸಿನಿಮಾವನ್ನು ಅಷ್ಟು ವೇಗವಾಗಿ ಓಡಿಸಿರುವುದಿಲ್ಲ. ಚಿತ್ರಗಳನ್ನು ಅಲ್ಲಲ್ಲಿ ಮರುಕಳಿಸಿ ಸಂಖ್ಯೆ ತುಂಬಿಸಿರುತ್ತಾರೆ, ಸಿನಿಮಾದ ಉದ್ದ ಹಾಗೇ ಇರುತ್ತದೆ. ಹಾಗಿದ್ದೂ ಬದಲಿಸಿದರೆ ಒಂದು ಗಂಟೆಗೆ ಬರಬೇಕಾದ ಸಾಲು ಒಂದೂಕಾಲು ಗಂಟೆಗೆ ಬರುತ್ತದೆ. ಫ್ರೇಮುಗಳ ಸಂಖ್ಯೆಗಿಂತ ಎರಡು ಸಾಲುಗಳ ಅಳತೆಯನ್ನೇ ನಂಬಬೇಕು ಎನ್ನುವುದು ಇದಕ್ಕೇ.

ದುರಸ್ತಿ ಮುಗಿದ ಮೇಲೆ ಸಿನಿಮಾದ ನಟ್ಟನಡುವಿನ ಒಂದು ಮಾತನ್ನು ನೋಡಬೇಕು. ಆರಂಭ, ಕೊನೆ ಎರಡೂ ಕೂಡಿದ್ದು ನಡುವೆ ತಪ್ಪಿದ್ದರೆ, ಅಥವಾ ಭಾಗಾಕಾರದ ಉತ್ತರ 1.02ರಂತೆ ಪಟ್ಟಿಯಲ್ಲಿಲ್ಲದ ಸಂಖ್ಯೆಯಾಗಿದ್ದರೆ, ರೋಗ ಬೇರೆ: ಎರಡು ಪ್ರತಿಗಳ ಸಂಕಲನವೇ ಬೇರೆ, ಒಂದರಲ್ಲಿರುವ ದೃಶ್ಯ ಇನ್ನೊಂದರಲ್ಲಿಲ್ಲ. ಅಂತಲ್ಲಿ ವ್ಯತ್ಯಾಸ ಮೆಲ್ಲಗೆ ಬೆಳೆಯುವುದಿಲ್ಲ, ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟುವಾಗ ಧಡಕ್ಕನೆ ಜಿಗಿಯುತ್ತದೆ. ಆ ಜಿಗಿತದ ಜಾಗವನ್ನು ಹುಡುಕಿ, ಅಲ್ಲಿಂದ ಮುಂದಿನ ಸಾಲುಗಳನ್ನಷ್ಟೇ ಸರಿಸಬೇಕು. ದೃಶ್ಯಗಳು ಹಲವು ಕಡೆ ಬದಲಾಗಿದ್ದರೆ ಅದೇ ಆವೃತ್ತಿಗೆ ಬರೆದ ಬೇರೆ ಫೈಲನ್ನು ಹುಡುಕುವುದೇ ಕಡಿಮೆ ಶ್ರಮದ ಕೆಲಸ.