ಮೊತ್ತ ಬರಬೇಕಾದಲ್ಲಿ ಸೂತ್ರವೇ ಕೂತಿದೆ, ಇಲ್ಲವೇ ಸೊನ್ನೆ

ಪ್ರಶ್ನೆ: ನಾನು ನಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ. ಬ್ಯಾಂಕಿನಿಂದ ಇಳಿಸಿಕೊಂಡ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು, ಐದು ಮನೆಗಳ ನಿರ್ವಹಣಾ ಶುಲ್ಕವನ್ನು ಕೂಡಿಸಲು ಹೊರಟೆ. B2ರಿಂದ B6ರವರೆಗೆ 2500, 2500, 3000, 2500, 3000 ಎಂದಿದೆ. B7ರಲ್ಲಿ ಕೂಡುವ ಸೂತ್ರ ಬರೆದು ಎಂಟರ್ ಒತ್ತಿದರೆ 13500 ಬರುವ ಬದಲು ನಾನು ಬರೆದ ಸೂತ್ರವೇ ಹಾಗೇ ಕಾಣುತ್ತಿದೆ. ಏನು ಕಾರಣ?

ಉತ್ತರ: ಮೊದಲು ಹಾಳೆಯ ಉಳಿದ ಭಾಗವನ್ನು ನೋಡಿ. ಎಲ್ಲ ಸೆಲ್‌ಗಳಲ್ಲೂ ಸೂತ್ರಗಳೇ ಕಾಣುತ್ತಿದ್ದು, ಕಾಲಂಗಳು ಇದ್ದಕ್ಕಿದ್ದಂತೆ ಅಗಲವಾಗಿದ್ದರೆ ಚಿಂತೆ ಬೇಡ. ಸೂತ್ರಗಳನ್ನು ತೋರಿಸುವ ವ್ಯವಸ್ಥೆಯೊಂದು ಎಕ್ಸೆಲ್‌ನಲ್ಲೇ ಇದೆ, ಕೈತಪ್ಪಿ ಅದು ಚಾಲೂ ಆಗಿರುತ್ತದೆ. `Ctrl` ಜೊತೆಗೆ ಕೀಲಿಮಣೆಯಲ್ಲಿ 1ರ ಎಡಕ್ಕಿರುವ ಕೀಲಿಯನ್ನು ಒತ್ತಿದರೆ ಮೊದಲಿನಂತಾಗುತ್ತದೆ. ಮೆನುವಿನಲ್ಲಿ ಬೇಕೆಂದರೆ `Formulas` ಅಡಿಯಲ್ಲಿ `Show Formulas` ಇದೆ.

ನಿಮ್ಮದು ಒಂದೇ ಸೆಲ್‌ನ ಸಮಸ್ಯೆ. ಹಾಗಾಗಿ B7ನ್ನು ಆರಿಸಿಕೊಂಡು `Home` ಪಟ್ಟಿಯ ನಡುವೆ ಇರುವ ಫಾರ್ಮ್ಯಾಟ್ ಚೌಕವನ್ನು ನೋಡಿ. ಅಲ್ಲಿ `Text` ಎಂದಿರುವ ಸಾಧ್ಯತೆಯೇ ಹೆಚ್ಚು. ಸೆಲ್‌ಗೆ ಆ ಗುರುತು ಬಿದ್ದ ಮೇಲೆ ಅದರಲ್ಲಿ ಬರೆದದ್ದೆಲ್ಲ ಎಕ್ಸೆಲ್‌ಗೆ ಬರೀ ಅಕ್ಷರ. ಮುಂದೆ ಸಮಚಿಹ್ನೆ ಇದ್ದರೂ ಅದು ಲೆಕ್ಕಕ್ಕೆ ಕೂರುವುದಿಲ್ಲ. ಸೂತ್ರದ ಮುಂದೆ ಒಂದು ಖಾಲಿ ಜಾಗವೋ ಒಂಟಿ ಉದ್ಧರಣ ಚಿಹ್ನೆಯೋ ನುಸುಳಿದ್ದರೂ ಇದೇ ಗತಿ. ಆ ಚಿಹ್ನೆ ಸೆಲ್‌ನಲ್ಲಿ ಕಾಣುವುದಿಲ್ಲ, ಮೇಲಿನ ಸೂತ್ರಪಟ್ಟಿಯಲ್ಲಿ ಮಾತ್ರ ಕಾಣುತ್ತದೆ.

ಪ್ರಶ್ನೆ: ನೀವು ಹೇಳಿದಂತೆ `Text` ಎಂದೇ ಇತ್ತು. ಅದನ್ನು `General` ಮಾಡಿದೆ. ಆದರೂ ಸೂತ್ರ ಹಾಗೇ ಕೂತಿದೆಯಲ್ಲ?

ಉತ್ತರ: ಇಲ್ಲೇ ಹೆಚ್ಚಿನವರು ಸೋಲುವುದು. ಬರೆದದ್ದು ಸೂತ್ರವೋ ಅಕ್ಷರವೋ ಎಂದು ಎಕ್ಸೆಲ್ ತೀರ್ಮಾನಿಸುವುದು ನೀವು ಎಂಟರ್ ಒತ್ತಿದ ಕ್ಷಣದಲ್ಲಿ. ಆಮೇಲೆ ಫಾರ್ಮ್ಯಾಟ್ ಬದಲಿಸಿದರೆ ಗುರುತು ಬದಲಾಗುತ್ತದೆ, ಒಳಗಿರುವ ಸರಕು ಬದಲಾಗುವುದಿಲ್ಲ. ಆದ್ದರಿಂದ `General` ಮಾಡಿದ ಮೇಲೆ ಆ ಸೆಲ್‌ನಲ್ಲಿ `F2` ಒತ್ತಿ, ಏನನ್ನೂ ತಿದ್ದದೆ ಮತ್ತೆ ಎಂಟರ್ ಒತ್ತಿ. ಆಗ ಅದು ಹೊಸದಾಗಿ ಓದಿಕೊಳ್ಳುತ್ತದೆ.

ಇಂಥ ಸೂತ್ರಗಳು ನೂರಾರು ಇದ್ದರೆ ಒಂದೊಂದನ್ನೂ ತೆರೆಯುತ್ತಾ ಕೂರಬೇಕಿಲ್ಲ. ಅಷ್ಟನ್ನೂ `General` ಮಾಡಿ, `Ctrl+H` ಒತ್ತಿ, ಹುಡುಕುವ ಜಾಗದಲ್ಲೂ ಬದಲಿಸುವ ಜಾಗದಲ್ಲೂ ಸಮಚಿಹ್ನೆಯನ್ನೇ ಕೊಟ್ಟು `Replace All` ಎನ್ನಿ. ಅದನ್ನು ಅದರಿಂದಲೇ ಬದಲಿಸುವುದು ಹುಚ್ಚಾಟದಂತೆ ಕಂಡೀತು. ಆದರೆ ಆ ನೆಪದಲ್ಲಿ ಪ್ರತಿ ಸೆಲ್ಲೂ ಹೊಸದಾಗಿ ಬರೆಸಿಕೊಳ್ಳುತ್ತದೆ, ನಮಗೆ ಬೇಕಾದದ್ದೂ ಅಷ್ಟೇ.

ಪ್ರಶ್ನೆ: ಸೂತ್ರ ಹೋಯಿತು, ಆದರೆ ಈಗ ಅಲ್ಲಿ ಸೊನ್ನೆ ಬಂದಿದೆ! ಮೇಲೆ ಐದು ಸಂಖ್ಯೆಗಳು ಕಣ್ಣಿಗೆ ಕಾಣುತ್ತಲೇ ಇವೆ.

ಉತ್ತರ: ರೋಗ ಅದೇ, ಮನೆ ಬದಲಾಗಿದೆ. B7 ಸರಿಯಾಯಿತು. ಆದರೆ ಮೇಲಿನ ಐದೂ ಸೆಲ್‌ಗಳಲ್ಲಿರುವುದು ಸಂಖ್ಯೆಯಂತೆ ಕಾಣುವ ಅಕ್ಷರಗಳು. ವ್ಯಾಪ್ತಿಯೊಳಗೆ ಸಿಗುವ ಅಕ್ಷರಗಳನ್ನು `SUM` ಸದ್ದಿಲ್ಲದೆ ದಾಟಿಹೋಗುತ್ತದೆ. ಅದು ಹಾಗಿರುವುದು ಒಳ್ಳೆಯದಕ್ಕೇ, ಇಲ್ಲದಿದ್ದರೆ ಪಟ್ಟಿಯ ನಡುವೆ ಒಂದು ಶೀರ್ಷಿಕೆ ಬಂದರೂ ಲೆಕ್ಕ ಕೆಡುತ್ತಿತ್ತು. ಐದನ್ನೂ ದಾಟಿದ ಮೇಲೆ ಕೂಡಲು ಏನೂ ಉಳಿಯದೆ ಸೊನ್ನೆ ಬಂದಿದೆ. ಅನುಮಾನವಿದ್ದರೆ ಎಲ್ಲಾದರೂ ಖಾಲಿ ಸೆಲ್‌ನಲ್ಲಿ ಹೀಗೆ ಬರೆದು ನೋಡಿ:

```
=B2+B3+B4+B5+B6
```

ಇದಕ್ಕೆ 13500 ಎಂದು ಉತ್ತರ ಬರುತ್ತದೆ. ಕೂಡುವ ಚಿಹ್ನೆ ತನ್ನ ಎರಡೂ ಬದಿಗೆ ಬಂದದ್ದನ್ನು ಸಂಖ್ಯೆಯಾಗಿಸಲು ಪ್ರಯತ್ನಿಸುತ್ತದೆ, `SUM` ಆ ಗೋಜಿಗೆ ಹೋಗುವುದಿಲ್ಲ. ಇನ್ನೂ ಸುಲಭದ ಪರೀಕ್ಷೆ ಬೇಕೆಂದರೆ ಐದು ಸೆಲ್‌ಗಳನ್ನು ಆರಿಸಿ ಕಿಟಕಿಯ ಕೆಳಅಂಚನ್ನು ನೋಡಿ. ನಿಜವಾದ ಸಂಖ್ಯೆಗಳಾಗಿದ್ದರೆ ಅಲ್ಲಿ `Sum` ಕೂಡ ಕಾಣುತ್ತದೆ, ಅಕ್ಷರಗಳಾಗಿದ್ದರೆ ಬರೀ `Count`. ಸಾಮಾನ್ಯವಾಗಿ ಸಂಖ್ಯೆ ಸೆಲ್‌ನ ಬಲಕ್ಕೂ ಅಕ್ಷರ ಎಡಕ್ಕೂ ಅಂಟಿಕೊಂಡಿರುತ್ತದೆ, ಆದರೆ ಯಾರಾದರೂ ಅಂದಕ್ಕೆಂದು ನಡುವಿಗೆ ತಂದಿಟ್ಟಿದ್ದರೆ ಆ ಸುಳಿವೂ ಹೋಯಿತು.

ಪರಿಹಾರಕ್ಕೆ B2ರಿಂದ B6ರವರೆಗೆ ಆರಿಸಿ, ಫಾರ್ಮ್ಯಾಟನ್ನು `General` ಮಾಡಿ, `Data` ಅಡಿಯ `Text to Columns` ತೆರೆದು ನೇರವಾಗಿ `Finish` ಒತ್ತಿ. ಕಾಲಂ ಒಡೆಯುವುದಕ್ಕೆ ಇರುವ ಸಲಕರಣೆ ಇದು. ನಮಗೆ ಒಡೆಯುವುದೇನೂ ಇಲ್ಲ, ಮತ್ತೆ ಓದಿಸಬೇಕಷ್ಟೆ. ಒಮ್ಮೆಗೆ ಒಂದೇ ಕಾಲಂಗೆ ಇದನ್ನು ಮಾಡಬಹುದು.

ಸೊನ್ನೆ ಬಂದದ್ದು ನಿಮ್ಮ ಅದೃಷ್ಟ ಎಂದೇ ನಾನು ಹೇಳುವುದು. ಐದರಲ್ಲಿ B4 ಒಂದೇ ಅಕ್ಷರವಾಗಿದ್ದು ಉಳಿದವು ಸಂಖ್ಯೆಗಳಾಗಿದ್ದರೆ ಮೊತ್ತ 10500 ಎಂದು ಬರುತ್ತಿತ್ತು. ಯಾರಿಗೂ ಅನುಮಾನ ಬರುತ್ತಿರಲಿಲ್ಲ, ಸಂಘದ ಸಭೆಯಲ್ಲಿ ಮೂರು ಸಾವಿರಕ್ಕೆ ನೀವು ಉತ್ತರ ಕೊಡಬೇಕಾಗುತ್ತಿತ್ತು. ದೊಡ್ಡ ಪಟ್ಟಿಗಳಲ್ಲಿ ಈ ಎರಡನ್ನು ಅಕ್ಕಪಕ್ಕ ಬರೆದಿಡುವುದು ಒಳ್ಳೆಯದು:

```
=COUNT(B2:B6)
=COUNTA(B2:B6)
```

ಮೊದಲನೆಯದು ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ, ಎರಡನೆಯದು ಖಾಲಿಯಲ್ಲದ ಎಲ್ಲವನ್ನೂ. ಎರಡೂ ಹೊಂದದಿದ್ದರೆ ಎಲ್ಲೋ ಅಕ್ಷರ ಅಡಗಿದೆ.

ಪ್ರಶ್ನೆ: ಇನ್ನೊಂದು ಪಟ್ಟಿಯಲ್ಲಿ ಇದೆಲ್ಲ ಮಾಡಿದರೂ ಸೊನ್ನೆ ಹೋಗಲಿಲ್ಲ. ಕೂಡುವ ಚಿಹ್ನೆ ಬಳಸಿದರೆ `#VALUE!` ಎಂದಿತು.

ಉತ್ತರ: ಹಾಗಾದರೆ ಸಂಖ್ಯೆಯ ಹಿಂದೆಯೋ ಮುಂದೆಯೋ ಕಾಣದ ಅಕ್ಷರವೊಂದು ಅಂಟಿದೆ. `=LEN(B2)` ಬರೆದು ನೋಡಿ. 2500ಕ್ಕೆ 4 ಬರಬೇಕು, 5 ಬಂದರೆ ಕಳ್ಳ ಸಿಕ್ಕ ಹಾಗೆ. ವೆಬ್ ಪುಟಗಳಿಂದ ನಕಲು ಮಾಡಿದ ಪಟ್ಟಿಗಳಲ್ಲಿ ಇದು ಹೆಚ್ಚಾಗಿ 160ನೇ ಸಂಕೇತದ ಖಾಲಿ ಜಾಗ. ನಾವು ಸ್ಪೇಸ್ ಒತ್ತಿ ಬಿಡುವ ಜಾಗ 32ನೆಯದು. `TRIM` ತೆಗೆಯುವುದು ಅದನ್ನು ಮಾತ್ರ, 160ನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಹೊಸ ಕಾಲಂ ಸೇರಿಸಿ ಹೀಗೆ ಬರೆಯಿರಿ:

```
=VALUE(SUBSTITUTE(B2,CHAR(160),""))
```

ಒಂದು ಎಚ್ಚರ. ಹೊಸದಾಗಿ ಸೇರಿಸಿದ ಕಾಲಂ ಎಡಗಡೆಯ ಕಾಲಂನ ಫಾರ್ಮ್ಯಾಟನ್ನು ತಾನೂ ತೊಟ್ಟುಕೊಳ್ಳುತ್ತದೆ. ಎಡಗಡೆಯದು `Text` ಆಗಿದ್ದರೆ ಈ ಸೂತ್ರವೂ ಸೂತ್ರವಾಗಿಯೇ ಕಾಣುತ್ತದೆ, ನೀವು ಮತ್ತೆ ಮೊದಲ ಪ್ರಶ್ನೆಯನ್ನೇ ಕೇಳುತ್ತೀರಿ. ಬರೆಯುವ ಮೊದಲೇ ಅದನ್ನು `General` ಮಾಡಿಕೊಳ್ಳಿ.

ಪ್ರಶ್ನೆ: ಸೊನ್ನೆಗೆ ಬೇರೆ ಕಾರಣವೇ ಇಲ್ಲವೇ?

ಉತ್ತರ: ಇವೆ. ಮೊತ್ತದ ಸೂತ್ರವನ್ನು ಎಳೆಯುವಾಗ B7ರಲ್ಲೇ `=SUM(B2:B7)` ಎಂದು ಬರೆದುಬಿಟ್ಟರೆ ಸೆಲ್ ತನ್ನನ್ನು ತಾನೇ ಕೂಡಿಕೊಳ್ಳಬೇಕಾಗುತ್ತದೆ. ಎಕ್ಸೆಲ್ ಎಚ್ಚರಿಕೆಯೊಂದನ್ನು ತೋರಿಸಿ ಸೊನ್ನೆ ಇಡುತ್ತದೆ. ಎಚ್ಚರಿಕೆಯನ್ನು ಓದದೆ `OK` ಒತ್ತಿದ್ದರೂ ಕೆಳಅಂಚಿನ ಎಡಗಡೆ `Circular References` ಎಂದು ಸೆಲ್‌ನ ವಿಳಾಸ ಸಮೇತ ಬರೆದಿರುತ್ತದೆ. ಸೂತ್ರವನ್ನು B6ಕ್ಕೆ ನಿಲ್ಲಿಸಿದರೆ ಸರಿಹೋಗುತ್ತದೆ.

ಖಾಲಿ ಸೆಲ್‌ಗೆ `=A1` ಎಂದು ಕೊಂಡಿ ಹಾಕಿದರೂ ಸೊನ್ನೆ ಕಾಣುತ್ತದೆ, ಅದು ತಪ್ಪೇನಲ್ಲ.

ಪ್ರಶ್ನೆ: ಲೆಕ್ಕದ ತಂತ್ರಾಂಶವೊಂದು ಮಾಡಿಕೊಟ್ಟ ಕಡತವನ್ನು ಮೊಬೈಲ್‌ನಲ್ಲಿ ನೋಡಿದರೆ ಮೊತ್ತಗಳೆಲ್ಲ ಸೊನ್ನೆ. ಕಂಪ್ಯೂಟರಿನಲ್ಲಿ ಸರಿಯಾಗಿದೆ. ಇದ್ಯಾವ ಮಾಯೆ?

ಉತ್ತರ: ಕಡತದೊಳಗೆ ಸೂತ್ರದ ಜೊತೆಗೆ ಅದರ ಕೊನೆಯ ಉತ್ತರವೂ ಉಳಿದಿರುತ್ತದೆ. ಎಕ್ಸೆಲ್ಲೇ ಉಳಿಸಿದ ಕಡತವಾದರೆ ಆ ಉತ್ತರ ನಿಜವಾದದ್ದು. ಆದರೆ ಎಕ್ಸೆಲ್ ತೆರೆಯದೆಯೇ ಕಡತ ಬರೆಯುವ ಕೆಲವು ತಂತ್ರಾಂಶಗಳಿಗೆ ಲೆಕ್ಕ ಮಾಡಲು ಬಾರದು. ಅವು ಸೂತ್ರ ಬರೆದು ಉತ್ತರದ ಜಾಗದಲ್ಲಿ ಸೊನ್ನೆ ಇಟ್ಟು ಸುಮ್ಮನಾಗುತ್ತವೆ. ಮೊಬೈಲ್‌ನ ಮುನ್ನೋಟ ತಾನಾಗಿ ಲೆಕ್ಕ ಮಾಡದೆ ಆ ಸೊನ್ನೆಯನ್ನೇ ತೋರಿಸುತ್ತದೆ. ಕಂಪ್ಯೂಟರಿನಲ್ಲೂ ಮಿಂಚಂಚೆಯಿಂದ ಬಂದ ಕಡತ `Protected View`ನಲ್ಲಿ ತೆರೆದಿರುವಷ್ಟು ಹೊತ್ತು ಹೀಗೇ ಕಾಣಬಹುದು. ಕಳಿಸಿದವರು ಗೊತ್ತಿರುವವರಾದರೆ `Enable Editing` ಒತ್ತಿ, ಮೊತ್ತ ಬಂದ ಮೇಲೆ ಒಮ್ಮೆ ಉಳಿಸಿ, ಆ ಪ್ರತಿಯನ್ನೇ ಉಳಿದವರಿಗೆ ಕಳಿಸಿ.