ಒಡೆದ ಮೇಯೋನೇಸ್‌ಗೆ ಬೇಕಾದದ್ದು ಒಂದು ಚಮಚ ನೀರು

ಬಟ್ಟಲಿನಲ್ಲಿ ಒಂದು ಮೊಟ್ಟೆಯ ಹಳದಿ, ಸ್ವಲ್ಪ ನಿಂಬೆ ರಸ, ಚಿಟಿಕೆ ಉಪ್ಪು. ಎಣ್ಣೆ ಸುರಿಯುತ್ತ ಕಡೆದ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಬರಬೇಕಾದ ಮೇಯೋನೇಸ್ ಇದ್ದಕ್ಕಿದ್ದಂತೆ ತೆಳ್ಳಗಾಗಿ, ಎಣ್ಣೆಯೊಳಗೆ ಹಳದಿ ಚೂರುಗಳು ತೇಲತೊಡಗುತ್ತವೆ. ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ: ಇನ್ನಷ್ಟು ಜೋರಾಗಿ ಕಡೆಯುವುದು, ಇಲ್ಲವೇ ಸಿಂಕಿಗೆ ಸುರಿದುಬಿಡುವುದು. ಮೊದಲನೆಯದರಿಂದ ಪ್ರಯೋಜನವಿಲ್ಲ. ಎರಡನೆಯದರ ಅಗತ್ಯವಿಲ್ಲ.

ಮೇಯೋನೇಸ್‌ನಲ್ಲಿ ಬಹುಪಾಲು ಇರುವುದು ಎಣ್ಣೆಯೇ. ಒಂದು ಹಳದಿ, ಒಂದು ದೊಡ್ಡ ಚಮಚ ನಿಂಬೆ ರಸ, ಒಂದು ಟೀ ಚಮಚ ಸಾಸಿವೆ ಪೇಸ್ಟ್‌ಗೆ 150 ಮಿಲಿಲೀಟರ್ ಎಣ್ಣೆ ಹಿಡಿಸಿದರೆ, ಸಿದ್ಧವಾದ ಮೇಯೋನೇಸ್‌ನ ಸುಮಾರು 80 ಭಾಗ ಎಣ್ಣೆ ಎಂದಾಯಿತು. ಆದರೂ ಅದು ಎಣ್ಣೆಯ ಹಾಗೆ ಹರಿಯುವುದಿಲ್ಲ. ಏಕೆಂದರೆ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಪ್ರತಿ ಹನಿಯ ಸುತ್ತಲೂ ತೆಳುವಾದ ನೀರಿನ ಪದರ ನಿಂತಿರುತ್ತದೆ. ಒಂದೇ ಗಾತ್ರದ ಗೋಳಗಳನ್ನು ಎಷ್ಟೇ ಒತ್ತೊತ್ತಾಗಿ ಜೋಡಿಸಿದರೂ ಅವು ಜಾಗದ ನೂರಕ್ಕೆ 74 ಭಾಗವನ್ನಷ್ಟೇ ತುಂಬಬಲ್ಲವು. ಅದನ್ನೂ ಮೀರಿ ತುರುಕಿದ ಎಣ್ಣೆಹನಿಗಳು ಒಂದನ್ನೊಂದು ಒತ್ತಿ ಚಪ್ಪಟೆಯಾಗುತ್ತವೆ, ಅತ್ತಿತ್ತ ಸರಿಯಲು ಜಾಗವಿರುವುದಿಲ್ಲ. ಮೇಯೋನೇಸ್‌ನ ಗಟ್ಟಿತನ ಅದೇ.

ಇಷ್ಟು ಒತ್ತಡದಲ್ಲೂ ಹನಿಗಳು ಒಂದರೊಳಗೊಂದು ಕರಗಿಹೋಗದಂತೆ ಕಾಯುವುದು ಮೊಟ್ಟೆಯ ಹಳದಿ. ಅದರಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನುಗಳಿಗೆ ಎಣ್ಣೆಯೂ ಬೇಕು, ನೀರೂ ಬೇಕು. ಹಾಗಾಗಿ ಅವು ಎರಡರ ಗಡಿಯಲ್ಲಿ, ಪ್ರತಿ ಹನಿಯ ಮೈಮೇಲೆ, ಹೊದಿಕೆಯಾಗಿ ಕೂರುತ್ತವೆ. ಹಳದಿಯ ಅರ್ಧದಷ್ಟು ತೂಕ ನೀರೇ ಎಂಬುದನ್ನು ಇಲ್ಲಿ ನೆನಪಿಡಬೇಕು. ಒಂದು ಹಳದಿಯ ತೂಕ ಸುಮಾರು 18 ಗ್ರಾಂ, ಅದರಲ್ಲಿ ನೀರು 9 ಗ್ರಾಂ. ಎಣ್ಣೆಯನ್ನೆಲ್ಲ ಹೊತ್ತು ನಿಲ್ಲಬೇಕಾದದ್ದು ಈ ನೀರು ಮತ್ತು ಜೊತೆಗೆ ಹಾಕಿದ ನಿಂಬೆ ರಸ, ಅಷ್ಟೇ.

ಒಡೆಯುವುದು ಸಾಮಾನ್ಯವಾಗಿ ಮೊದಲ ಒಂದೆರಡು ನಿಮಿಷಗಳಲ್ಲಿ. ಬಟ್ಟಲಲ್ಲಿ ಎರಡು ಚಮಚದಷ್ಟು ನೀರಂಶವಿರುವಾಗ ಒಮ್ಮೆಲೇ ಕಾಲು ಕಪ್ ಎಣ್ಣೆ ಸುರಿದರೆ, ಅಷ್ಟನ್ನೂ ಹನಿಯಾಗಿ ಒಡೆಯಲು ಕಡೆಯುವ ಕೈಗೆ ಪುರಸೊತ್ತೇ ಸಿಗುವುದಿಲ್ಲ. ಎಣ್ಣೆ ಸುತ್ತಲೂ ಆವರಿಸಿಕೊಳ್ಳುತ್ತದೆ, ನೀರೂ ಹಳದಿಯೂ ಅದರೊಳಗೆ ಚೂರುಚೂರಾಗಿ ಸಿಕ್ಕಿಬೀಳುತ್ತವೆ. ಒಳಗಿರಬೇಕಾದದ್ದು ಹೊರಗೆ, ಹೊರಗಿರಬೇಕಾದದ್ದು ಒಳಗೆ. ಇಂಥ ತಿರುವುಮುರುವು ನಮ್ಮ ಮನೆಗಳಲ್ಲಿ ಬೇಕೆಂದೇ ಮಾಡುವ ಕೆಲಸವೂ ಹೌದು. ಕೆನೆಯಲ್ಲಿ ಕೊಬ್ಬಿನ ಹನಿಗಳು ನೀರಿನಲ್ಲಿ ತೇಲುತ್ತಿರುತ್ತವೆ. ಕಡೆದಾಗ ಹನಿಗಳು ಒಂದುಗೂಡಿ, ಕೊಬ್ಬಿನೊಳಗೆ ನೀರಿನ ಹನಿಗಳಿರುವ ಬೆಣ್ಣೆಯಾಗುತ್ತದೆ. ಬೆಣ್ಣೆ ಬಂದ ಮೇಲೆ ಎಷ್ಟು ಕಡೆದರೂ ಅದು ತಿರುಗಿ ಕೆನೆಯಾಗುವುದಿಲ್ಲ. ಒಡೆದ ಮೇಯೋನೇಸನ್ನು ಅದೇ ಬಟ್ಟಲಲ್ಲಿ ಕಡೆದು ಕೈ ನೋಯಿಸಿಕೊಳ್ಳುವುದು ವ್ಯರ್ಥವಾಗುವುದೂ ಇದಕ್ಕೇ.

ಎರಡನೆಯ ಬಗೆಯ ಒಡಕು ಕೊನೆಯಲ್ಲಿ ಬರುತ್ತದೆ. ಮೇಯೋನೇಸ್ ಚೆನ್ನಾಗಿಯೇ ಕೂಡಿಕೊಂಡಿದೆ, ಇನ್ನೂ ಗಟ್ಟಿಯಾಗಲಿ ಎಂದು ಎಣ್ಣೆ ಹಾಕುತ್ತಲೇ ಹೋಗುತ್ತಾರೆ. ಹನಿಗಳ ನಡುವಿನ ನೀರಿನ ಪದರ ತೆಳುವಾಗುತ್ತ ಬಂದು ಒಂದು ಹಂತದಲ್ಲಿ ಹರಿದುಹೋಗುತ್ತದೆ. ಇದು ಮೊದಲೇ ಸುಳಿವು ಕೊಡುತ್ತದೆ: ಮೇಯೋನೇಸ್ ಮುದ್ದೆಗಟ್ಟಿ ವಿಸ್ಕ್‌ಗೆ ಅಂಟಿಕೊಳ್ಳುತ್ತದೆ, ಮೇಲ್ಮೈ ಜಿಡ್ಡುಜಿಡ್ಡಾಗಿ ಹೊಳೆಯುತ್ತದೆ, ಬಟ್ಟಲಿನ ಅಂಚಿನಲ್ಲಿ ಎಣ್ಣೆ ಜಿನುಗುತ್ತದೆ. ಇಲ್ಲಿ ಹಳದಿ ಸಾಲದೆ ಹೋಯಿತು ಎಂದುಕೊಳ್ಳುವವರೇ ಹೆಚ್ಚು. ಅದು ತಪ್ಪು. ನೀರನ್ನು ಆಗಾಗ ಸೇರಿಸುತ್ತಿದ್ದರೆ ಒಂದೇ ಹಳದಿ ಹಲವು ಕಪ್ ಎಣ್ಣೆಯನ್ನು ಹಿಡಿದಿಡಬಲ್ಲದು. ಮುಗಿದುಹೋಗುವುದು ನೀರು. ಅಂಚಿನಲ್ಲಿ ಎಣ್ಣೆ ಜಿನುಗುವುದು ಕಂಡ ಕೂಡಲೇ ಎಣ್ಣೆ ನಿಲ್ಲಿಸಿ, ಒಂದು ಟೀ ಚಮಚ ಉಗುರುಬೆಚ್ಚಗಿನ ನೀರು ಹಾಕಿ ಕಡೆದರೆ ಬಹುಪಾಲು ಅಲ್ಲಿಗೇ ಸರಿಹೋಗುತ್ತದೆ.

ಪೂರ್ತಿ ಒಡೆದದ್ದಕ್ಕೆ ಹೊಸ ಬಟ್ಟಲು ಬೇಕು. ಮೊದಲು ಕೆಟ್ಟಿರುವ ಕ್ರಮವನ್ನು ಸರಿಪಡಿಸಬೇಕು, ಅಂದರೆ ನೀರು ಮೊದಲು, ಎಣ್ಣೆ ಆಮೇಲೆ. ಒಡೆದ ಬಟ್ಟಲಿಗೇ ನೀರು ಸುರಿದರೆ ಆ ನೀರೂ ಎಣ್ಣೆಯೊಳಗೆ ಸಿಕ್ಕಿಬೀಳುತ್ತದೆ. ಆದ್ದರಿಂದ ಒಣಗಿದ, ಶುಚಿಯಾದ ಇನ್ನೊಂದು ಬಟ್ಟಲಿನಲ್ಲಿ ಒಂದು ಟೀ ಚಮಚ ನೀರು ತೆಗೆದುಕೊಳ್ಳಬೇಕು. ಬಟ್ಟಲು ಜಾರದಂತೆ ಅಡಿಗೆ ಒದ್ದೆ ಬಟ್ಟೆ ಇಡಬೇಕು. ಒಡೆದ ಮಿಶ್ರಣವನ್ನು ಒಮ್ಮೆ ಕಲಕಿ, ಅದರಿಂದ ಅರ್ಧ ಟೀ ಚಮಚದಷ್ಟನ್ನು ನೀರಿಗೆ ಹಾಕಿ, ಅದು ಹಾಲಿನ ಬಣ್ಣಕ್ಕೆ ತಿರುಗುವವರೆಗೆ ಬಿಡದೆ ಕಡೆಯಬೇಕು. ಆಮೇಲೆ ಮತ್ತೆ ಅರ್ಧ ಚಮಚ. ಎಣ್ಣೆಯ ಒಂದೂ ಗೆರೆ ಕಾಣದಿರುವಾಗ ಮಾತ್ರ ಮುಂದಿನದು. ನಾಲ್ಕೈದು ಬಾರಿ ಹೀಗೆ ಹಾಕಿದ ಮೇಲೆ ವಿಸ್ಕ್ ಎಳೆದ ಗುರುತು ಬಟ್ಟಲಲ್ಲಿ ಕ್ಷಣಕಾಲ ನಿಲ್ಲತೊಡಗುತ್ತದೆ. ಅಲ್ಲಿಂದ ಉಳಿದದ್ದನ್ನು ನೂಲಿನಂತೆ ಸಣ್ಣ ಧಾರೆಯಾಗಿ ಬಿಡಬಹುದು. ಹಳದಿಯ ಲೆಸಿಥಿನ್ ಎಲ್ಲಿಗೂ ಹೋಗಿಲ್ಲ, ಒಡೆದ ಮಿಶ್ರಣದಲ್ಲೇ ಇದೆ. ಹಾಗಾಗಿ ಹೊಸ ಮೊಟ್ಟೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನೀರಿನ ಬದಲು ಒಂದು ಟೀ ಚಮಚ ಸಾಸಿವೆ ಪೇಸ್ಟ್ ಬಳಸಿದರೆ ಕೆಲಸ ಇನ್ನೂ ಸಲೀಸು, ಸಾಸಿವೆಯ ಸಿಪ್ಪೆಯ ಲೋಳೆಯೂ ಹನಿಗಳನ್ನು ಬೇರೆಬೇರೆಯಾಗಿ ಹಿಡಿದಿಡುತ್ತದೆ. ಇಷ್ಟಾದರೂ ಕೂಡದಿದ್ದರೆ ಮಾತ್ರ ಹೊಸ ಹಳದಿ ತೆಗೆದುಕೊಂಡು, ಅದಕ್ಕೆ ಒಡೆದದ್ದನ್ನು ಹೀಗೆಯೇ ಸೇರಿಸುತ್ತ ಹೋಗಬೇಕು.

ಮಿಕ್ಸಿಯಲ್ಲಿ ಮಾಡುವವರಿಗೆ ತೊಂದರೆ ಬೇರೆ. ದೊಡ್ಡ ಜಾರ್‌ನಲ್ಲಿ ಒಂದು ಹಳದಿ ಬ್ಲೇಡಿಗೆ ಸಿಗದೆ ತಳದಲ್ಲೇ ಉಳಿಯುತ್ತದೆ, ಮೇಲೆ ಎಣ್ಣೆ ಸುಮ್ಮನೆ ಸುತ್ತುತ್ತದೆ. ಅಲ್ಲಿ ಇಡೀ ಮೊಟ್ಟೆ ಹಾಕುವುದೇ ಸರಿ. ಬಿಳಿ ಲೋಳೆಯ ಹತ್ತರಲ್ಲಿ ಒಂಬತ್ತು ಪಾಲು ನೀರಿರುವುದರಿಂದ ಎಣ್ಣೆಗೆ ಜಾಗವೂ ಹೆಚ್ಚುತ್ತದೆ. ಸಣ್ಣ ಚಟ್ನಿ ಜಾರ್ ಇನ್ನೂ ಉತ್ತಮ.

ಫ್ರಿಜ್ ಮತ್ತು ಎಣ್ಣೆಯ ಸಂಬಂಧವನ್ನೂ ಹೇಳಲೇಬೇಕು. ಫ್ರೀಜರ್‌ನಲ್ಲಿಟ್ಟ ಮನೆಯ ಮೇಯೋನೇಸ್ ಕರಗಿದಾಗ ಒಡೆಯುತ್ತದೆ, ಹರಳುಗಟ್ಟುವ ನೀರೂ ಎಣ್ಣೆಯೂ ಹನಿಗಳ ಹೊದಿಕೆಯನ್ನು ಚುಚ್ಚಿ ಹರಿಯುತ್ತವೆ. ಕೊಬ್ಬರಿ ಎಣ್ಣೆಗೆ ಫ್ರೀಜರ್ ತನಕ ಹೋಗಬೇಕಿಲ್ಲ. ಅದು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಗಟ್ಟಿಯಾಗುವುದರಿಂದ, ಕರಾವಳಿಯ ಅಡುಗೆಮನೆಯಲ್ಲಿ ಅದರಿಂದ ಮೇಯೋನೇಸ್ ಮಾಡಿ ಫ್ರಿಜ್‌ನಲ್ಲಿಟ್ಟರೆ ಬಹಳ ಹೊತ್ತು ಉಳಿಯದು. ಚಳಿಯಲ್ಲೂ ತಿಳಿಯಾಗಿರುವ ಸೂರ್ಯಕಾಂತಿ ಎಣ್ಣೆ ಈ ಕೆಲಸಕ್ಕೆ ಒಳ್ಳೆಯದು.

ಸರಿಪಡಿಸಬಾರದ ಮೇಯೋನೇಸ್ ಕೂಡ ಇದೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು. ಇದೇ ಭಯದಿಂದ 2024ರ ಅಕ್ಟೋಬರ್‌ನಲ್ಲಿ ತೆಲಂಗಾಣ, 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಹಸಿ ಮೊಟ್ಟೆಯ ಮೇಯೋನೇಸನ್ನು ತಲಾ ಒಂದು ವರ್ಷ ನಿಷೇಧಿಸಿದವು. ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಪಾಶ್ಚರೀಕರಿಸಿದ ಮೊಟ್ಟೆಯನ್ನೇ ಬಳಸಿ. ಒಡೆದದ್ದನ್ನು ಆ ಕೂಡಲೇ ಕೂಡಿಸಿ, ಫ್ರಿಜ್‌ನಲ್ಲಿಡಿ. ಎರಡು ಗಂಟೆಗೂ ಹೆಚ್ಚು ಹೊರಗೆ ಉಳಿದದ್ದನ್ನು, ಅದು ಒಡೆದಿರಲಿ ಕೂಡಿರಲಿ, ಚೆಲ್ಲಿಬಿಡಿ.