ಷೇರು ಕೊಂಡ ಮೇಲೆ ಸುಳ್ಳು ಬಯಲಾದರೆ

2008ರ ಜೂನ್ 11ರಂದು ಜಪಾನಿನ ಔಷಧ ಕಂಪನಿ ದೈಇಚಿ ಸ್ಯಾಂಕ್ಯೊ, ರಾನ್‌ಬಾಕ್ಸಿಯ ಪ್ರವರ್ತಕರಾಗಿದ್ದ ಮಾಲ್ವಿಂದರ್ ಮತ್ತು ಶಿವಿಂದರ್ ಸಿಂಗ್ ಸಹೋದರರ ಕುಟುಂಬದ ಪಾಲನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ಬೆಲೆ ಷೇರಿಗೆ 737 ರೂಪಾಯಿ. ರಾನ್‌ಬಾಕ್ಸಿಯ ಮೇಲೆ ಅಮೆರಿಕದಲ್ಲಿ ತನಿಖೆ ನಡೆಯುತ್ತಿದ್ದದ್ದು ಆಗಲೇ ಎಲ್ಲರಿಗೂ ತಿಳಿದಿತ್ತು. ತಿಳಿಯದೆ ಉಳಿದದ್ದು, ಕಂಪನಿಯೊಳಗೇ 2004ರಲ್ಲಿ ಸಿದ್ಧವಾಗಿದ್ದ ಒಂದು ವರದಿ. ಹಲವು ದೇಶಗಳ ಔಷಧ ನಿಯಂತ್ರಕರಿಗೆ ಕೊಟ್ಟ ಪರೀಕ್ಷಾ ಮಾಹಿತಿಯೇ ಸುಳ್ಳೆಂದು ಅದು ಹೇಳುತ್ತಿತ್ತು. ಅದನ್ನು ಕೊಳ್ಳುವವರಿಗೆ ತೋರಿಸಲಿಲ್ಲ.

ಇಂಥ ಒಪ್ಪಂದಗಳಲ್ಲಿ ಮಾರುವವರ ಹೇಳಿಕೆಗಳಿಗೇ ಹಲವು ಪುಟ ಮೀಸಲು. ಲೆಕ್ಕಪತ್ರ ಸರಿಯಾಗಿದೆ, ತೆರಿಗೆ ಬಾಕಿ ಇಲ್ಲ, ಮರೆಮಾಚಿದ ವ್ಯಾಜ್ಯ ಇಲ್ಲ ಎಂದು ಪಟ್ಟಿ ಸಾಗುತ್ತದೆ. ‘ಮಾರುವವರು ರೆಪ್ರೆಸೆಂಟ್ ಮಾಡುತ್ತಾರೆ ಮತ್ತು ವಾರಂಟಿ ಕೊಡುತ್ತಾರೆ’ ಎಂದು ವಕೀಲರು ಎರಡನ್ನೂ ಒಂದೇ ಉಸಿರಿನಲ್ಲಿ ಬರೆಯುವುದರಿಂದ ಓದುವವರಿಗೆ ಅವೆರಡೂ ಒಂದೇ ಎನ್ನಿಸುತ್ತದೆ. ಸುಳ್ಳು ಹೊರಬಿದ್ದ ದಿನ ಅವುಗಳ ದಾರಿ ಬೇರೆಯಾಗುತ್ತದೆ.

ರೆಪ್ರೆಸೆಂಟೇಷನ್ ಎಂದರೆ ಎದುರಿನವರನ್ನು ಸಹಿಗೆ ಒಪ್ಪಿಸುವ ಸಂಗತಿಯ ಹೇಳಿಕೆ. ಅದು ಸುಳ್ಳಾದರೆ ಪೆಟ್ಟು ಬೀಳುವುದು ಒಪ್ಪಿಗೆಗೇ. ಭಾರತೀಯ ಕರಾರು ಕಾಯಿದೆಯ 19ನೇ ಸೆಕ್ಷನ್ ಪ್ರಕಾರ, ವಂಚನೆಯಿಂದಲೋ ತಪ್ಪು ನಿರೂಪಣೆಯಿಂದಲೋ ಒಪ್ಪಿದವರು ಒಪ್ಪಂದವನ್ನು ರದ್ದು ಮಾಡಿ, ಷೇರು ಹಿಂದಿರುಗಿಸಿ, ಹಣ ಕೇಳಬಹುದು. ಆದರೆ ಆ ಹೇಳಿಕೆ ನಂಬಿಯೇ ಸಹಿ ಹಾಕಿದೆವೆಂದು ತೋರಿಸಬೇಕು. ಮಾರುವವರು ಗೊತ್ತಿಲ್ಲದೆ ತಪ್ಪು ಹೇಳಿದ್ದರೆ ಮತ್ತೊಂದು ತೊಡಕಿದೆ: ಸಾಮಾನ್ಯ ಎಚ್ಚರ ವಹಿಸಿದ್ದರೆ ಕೊಳ್ಳುವವರಿಗೇ ಸತ್ಯ ಸಿಗುತ್ತಿತ್ತು ಎಂದಾದರೆ ರದ್ದು ಮಾಡುವ ಹಕ್ಕು ಹೋಗುತ್ತದೆ.

ವಾರಂಟಿ ಒಂದು ಮಾತು ಕೊಡುವಿಕೆ. ‘ಇದು ನಿಜ, ಅಲ್ಲವಾದರೆ ನಷ್ಟ ನನ್ನದು’ ಎಂಬ ಅರ್ಥದ್ದು. ಮಾರುವವರಿಗೆ ಗೊತ್ತಿತ್ತೇ, ಇಲ್ಲವೇ ಎಂಬ ಪ್ರಶ್ನೆಯೇ ಸಾಮಾನ್ಯವಾಗಿ ಏಳುವುದಿಲ್ಲ. ಹೇಳಿದ್ದು ನಿಜವಲ್ಲ ಎಂದಾದರೆ ಸಾಕು, 73ನೇ ಸೆಕ್ಷನ್ ಪ್ರಕಾರ ಪರಿಹಾರ ಕೇಳಬಹುದು. ಆದರೆ ಷೇರು ಮರಳಿಸುವಂತಿಲ್ಲ. ಸರಕು ಮಾರಾಟ ಕಾಯಿದೆ ಷೇರನ್ನೂ ಸರಕೆಂದೇ ಎಣಿಸುತ್ತದೆ. ವಾರಂಟಿ ಮುರಿದರೆ ಪರಿಹಾರವಷ್ಟೇ, ಸರಕು ತಿರಸ್ಕರಿಸುವ ಹಕ್ಕಿಲ್ಲ ಎನ್ನುತ್ತದೆ ಅದರ 12ನೇ ಸೆಕ್ಷನ್.

ಹಣದ ಲೆಕ್ಕವೂ ಬೇರೆ. ಒಂದು ಕಂಪನಿಯನ್ನು 10 ಕೋಟಿಗೆ ಕೊಂಡರು ಎನ್ನಿ. ಹೇಳಿದ್ದೆಲ್ಲ ನಿಜವಾಗಿದ್ದರೆ ಅದರ ಬೆಲೆ 12 ಕೋಟಿ. ನಿಜಕ್ಕೂ ಇರುವುದು 7 ಕೋಟಿ. ವಾರಂಟಿ ಕೊಳ್ಳುವವರನ್ನು ಮಾತು ನಿಜವಾಗಿದ್ದರೆ ಇರಬೇಕಾಗಿದ್ದ ಜಾಗದಲ್ಲಿ ನಿಲ್ಲಿಸುತ್ತದೆ, ಪರಿಹಾರ 5 ಕೋಟಿ. ಇಂಗ್ಲಿಷ್ ಕಾನೂನಿನಲ್ಲಿ ಸುಳ್ಳು ರೆಪ್ರೆಸೆಂಟೇಷನ್ ಅವರನ್ನು ವ್ಯವಹಾರಕ್ಕೆ ಮುಂಚಿನ ಜಾಗಕ್ಕೆ ಕರೆದೊಯ್ಯುತ್ತದೆ, ಪರಿಹಾರ 3 ಕೋಟಿ. ಅದೇ ಮಾತೆಲ್ಲ ನಿಜವಾಗಿದ್ದರೂ ಕಂಪನಿಯ ಬೆಲೆ 8 ಕೋಟಿಯೇ ಆಗಿದ್ದು, ಕೊಂಡವರು ದುಬಾರಿ ಬೆಲೆ ಕೊಟ್ಟಿದ್ದರೆ? ವಾರಂಟಿಯಲ್ಲಿ ಸಿಗುವುದು 1 ಕೋಟಿ, ರೆಪ್ರೆಸೆಂಟೇಷನ್‌ನಲ್ಲಿ 3 ಕೋಟಿ. ಹೀಗಾಗಿ ಅಲ್ಲಿ ಹೆಸರಿಗೇ ಜಗಳ. 2012ರ ಸೈಕಮೋರ್ ಬಿಡ್ಕೊ ಪ್ರಕರಣದಲ್ಲಿ ಲಂಡನ್ನಿನ ಹೈಕೋರ್ಟ್, ಒಪ್ಪಂದ ಬರೀ ವಾರಂಟಿ ಎಂದಿರುವಾಗ ಅದನ್ನು ರೆಪ್ರೆಸೆಂಟೇಷನ್ ಎಂದು ಓದಲಾಗದು ಎಂದಿತು.

ಭಾರತದಲ್ಲಿ ಈ ಅಂತರ ಕಿರಿದು. 19ನೇ ಸೆಕ್ಷನ್ನೇ ಇನ್ನೊಂದು ಬಾಗಿಲು ತೆರೆದಿಟ್ಟಿದೆ: ರದ್ದು ಮಾಡಲು ಮನಸ್ಸಿಲ್ಲದವರು ಒಪ್ಪಂದ ಉಳಿಸಿಕೊಂಡು, ಹೇಳಿಕೆ ನಿಜವಾಗಿದ್ದರೆ ತಾವಿರುತ್ತಿದ್ದ ಸ್ಥಿತಿಗೆ ತಮ್ಮನ್ನು ತರುವಂತೆ ಕೇಳಬಹುದು.

ದೈಇಚಿ ಹಿಡಿದದ್ದು ಈ ಬಾಗಿಲನ್ನೇ. ಅಮೆರಿಕದಲ್ಲಿ ರಾನ್‌ಬಾಕ್ಸಿ 2013ರಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ತೆರಬೇಕಾಯಿತು. ಅದಕ್ಕೂ ಮೊದಲೇ, 2012ರಲ್ಲಿ, ದೈಇಚಿ ಸಿಂಗಪುರದಲ್ಲಿ ಪಂಚಾಯ್ತಿ ಮೊಕದ್ದಮೆ ಹೂಡಿ, ವರದಿ ಬಚ್ಚಿಟ್ಟದ್ದು ವಂಚನೆ ಎಂದು ವಾದಿಸಿತು. ವಂಚನೆಯನ್ನು ಸಾಬೀತು ಮಾಡುವುದು ವಾರಂಟಿ ಮುರಿದದ್ದನ್ನು ತೋರಿಸುವುದಕ್ಕಿಂತ ಬಲು ಕಷ್ಟ. ಆದರೂ ಆ ಹಾದಿ ಹಿಡಿಯಲು ಕಾರಣವಿರುತ್ತದೆ. ವಾರಂಟಿಗೆ ಸಾಮಾನ್ಯವಾಗಿ ಒಪ್ಪಂದವೇ ಗಡುವು, ಮಿತಿ ಹಾಕಿರುತ್ತದೆ. ಮುಂಚೆಯೇ ಬಹಿರಂಗಪಡಿಸಿದ ಸಂಗತಿಗಳನ್ನು ಹೊರಗಿಟ್ಟಿರುತ್ತದೆ. ವಂಚನೆಯನ್ನು ಅಂಥ ಬೇಲಿಯೊಳಗೆ ಹಿಡಿದಿಡುವುದು ಸುಲಭವಲ್ಲ.

2016ರ ಏಪ್ರಿಲ್‌ನಲ್ಲಿ ಬಹುಮತದ ತೀರ್ಪು ದೈಇಚಿ ಪರ ಬಂತು. ಬಡ್ಡಿ, ಖರ್ಚು ಸೇರಿ ಸುಮಾರು 3,500 ಕೋಟಿ ರೂಪಾಯಿ. 2018ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಾರಿದವರ ಪಟ್ಟಿಯಲ್ಲಿದ್ದ ಐವರು ಅಪ್ರಾಪ್ತರನ್ನು ಮಾತ್ರ ಬಿಟ್ಟಿತು. ಮಕ್ಕಳ ತಲೆಗೆ ವಂಚನೆಯ ಹೊಣೆ ಕಟ್ಟದಿದ್ದದ್ದು ಸರಿಯಾದ ನಿಲುವೇ.

ತೀರ್ಪು ಗೆದ್ದರೂ ಹಣ ಕೈಸೇರುವುದು ಬೇರೆಯೇ ಹೋರಾಟ. ವಸೂಲಿಗೆ ಸಂಬಂಧಿಸಿದ ಆದೇಶಗಳನ್ನು ಮೀರಿದ್ದಕ್ಕೆ ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಸಹೋದರರಿಬ್ಬರನ್ನೂ ನ್ಯಾಯಾಂಗ ನಿಂದನೆಯ ತಪ್ಪಿತಸ್ಥರೆಂದು ಸಾರಿತು. ಆದ್ದರಿಂದ ಸಣ್ಣ ಕಂಪನಿ ಕೊಳ್ಳುವವರೂ ಎರಡು ಬಗೆಯ ಹೇಳಿಕೆಗಳನ್ನೂ ಬರೆಸಿಕೊಂಡು, ಬೆಲೆಯ ಒಂದು ಪಾಲನ್ನು ವಾರಂಟಿಯ ಗಡುವು ಮುಗಿಯುವ ತನಕ ಎಸ್ಕ್ರೊ ಖಾತೆಯಲ್ಲಿ ಇರಿಸಿಕೊಳ್ಳಬೇಕು.